ಮನೆಗೆ ಬಾರದ ಮುದುಕನಿಗೆ ಕಾದ ದೇಶ

2005ರ ಫೆಬ್ರುವರಿ 9, ಬುಧವಾರ. ಇಟಲಿಯ ಸರ್ಕಾರಿ ಲಾಟರಿಯ ವೆನಿಸ್ ಚಕ್ರದಿಂದ ಒಂದು ಚೆಂಡು ಉರುಳಿ ಹೊರಬಿತ್ತು. ಅದರ ಮೇಲಿದ್ದ ಅಂಕಿ 53.

ನಡೆದದ್ದು ಇಷ್ಟೇ. ಇಷ್ಟಕ್ಕೇ ಇಡೀ ದೇಶ ನಿಟ್ಟುಸಿರುಬಿಟ್ಟಿತು! ಹಿಂದಿನ 182 ಡ್ರಾಗಳಲ್ಲಿ ಆ 53 ಒಂದು ಸಲವೂ ಮುಖ ತೋರಿಸಿರಲಿಲ್ಲ. ಆಗ ವಾರಕ್ಕೆ ಎರಡು ಡ್ರಾ, ಅಂದರೆ ಸುಮಾರು 21 ತಿಂಗಳ ಅಜ್ಞಾತವಾಸ. ಅಷ್ಟರಲ್ಲಿ ಆ ಒಂದು ಅಂಕಿಯ ಮೇಲೆ ಇಟಲಿಯ ಜನ ಸುರಿದ ದುಡ್ಡು 350 ಕೋಟಿ ಯೂರೊಗೂ ಹೆಚ್ಚು. ಜನ ಮನೆ ಅಡವಿಟ್ಟರು, ಉಳಿತಾಯ ಕರಗಿಸಿದರು, ಸಾಲ ಮಾಡಿದರು. ಈ ಅಂಕಿಯ ಹಿಂದೆ ಹೋಗಿ ಜೀವ ಕಳೆದುಕೊಂಡವರ ಸುದ್ದಿಗಳೂ ಬಂದವು. ಆ 53ನ್ನು ಆಟದಿಂದಲೇ ತೆಗೆದುಹಾಕಿ ಎಂದು ಗ್ರಾಹಕರ ಸಂಘಟನೆಯೊಂದು ಸರ್ಕಾರವನ್ನು ಕೇಳಿತ್ತು.

ಒಂದು ಅಂಕಿಯನ್ನು ನಿಷೇಧಿಸಿ ಎಂದು ಬೇಡಿಕೊಂಡ ದೇಶ!

ನೇಪಲ್ಸ್ ಊರಿನಲ್ಲಿ ಕನಸಿಗೆ ಅಂಕಿ ಹೇಳುವ ಹಳೆಯ ಪಟ್ಟಿಯೊಂದಿದೆ. ನಮ್ಮಲ್ಲಿ ಓಸಿ ಬರೆಸುವವರು ಕನಸಲ್ಲಿ ಕಂಡದ್ದನ್ನು ನಂಬರಿಗೆ ತಿರುಗಿಸುವುದಿಲ್ಲವೇ, ಹಾಗೆಯೇ. ಆ ಪಟ್ಟಿಯಲ್ಲಿ 53 ಎಂದರೆ ‘ಮುದುಕ’. ಇದನ್ನು ತಿಳಿದ ಮೇಲೆ ನನ್ನ ಕಣ್ಣಿಗೆ ಬೇರೆಯದೇ ಚಿತ್ರ ಬಂತು. ಮುದುಕ ಸಂಜೆ ಮನೆಗೆ ಬರಲಿಲ್ಲ. ಇವತ್ತು ಬರುತ್ತಾನೆ, ನಾಳೆ ಬಂದೇ ಬರುತ್ತಾನೆ ಎಂದು ಕೋಟ್ಯಂತರ ಜನ ಬಾಗಿಲಲ್ಲಿ ದೀಪ ಹಿಡಿದು ನಿಂತಿದ್ದಾರೆ. ಎಣ್ಣೆ ಮಾತ್ರ ಅವರದೇ ಮನೆಯದು.

ಅಷ್ಟು ಜನ ಒಟ್ಟಿಗೆ ಹುಚ್ಚರಾಗಲು ಸಾಧ್ಯವೇ? ಈ ಪ್ರಶ್ನೆ ಹಿಡಿದು ಒಂದು ರಾತ್ರಿ ಕಾಗದ, ಪೆನ್ನು, ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತೆ. ಕೂತವನು ಏಳುವ ಹೊತ್ತಿಗೆ ಬೆಳಗಾಗಿತ್ತು.

ಹದಿನೆಂಟರಲ್ಲಿ ಒಂದು

ಮೊದಲು ಆಟದ ಕ್ರಮ ತಿಳಿಯೋಣ. ಇಟಲಿಯ ಈ ಲಾಟರಿಗೆ ಆಗ ಹತ್ತು ಊರಿನ ಹೆಸರಿನ ಹತ್ತು ಚಕ್ರಗಳಿದ್ದವು: ರೋಮ್, ಮಿಲಾನ್, ನೇಪಲ್ಸ್, ವೆನಿಸ್ ಹೀಗೆ. ಪ್ರತಿ ಚಕ್ರದಲ್ಲಿ 1ರಿಂದ 90ರವರೆಗಿನ ಚೆಂಡುಗಳು. ಪ್ರತಿ ಡ್ರಾದಲ್ಲಿ ಐದು ಚೆಂಡು ತೆಗೆಯುತ್ತಾರೆ. 90ರಲ್ಲಿ 5, ಅಂದರೆ ನೀವು ಹಿಡಿದ ಅಂಕಿ ಬರುವ ಸಂಭವ ಹದಿನೆಂಟರಲ್ಲಿ ಒಂದು. ಮುಂದಿನ ಡ್ರಾಗೆ ಎಲ್ಲ ಚೆಂಡುಗಳೂ ಮತ್ತೆ ಒಳಕ್ಕೆ ಹೋಗುತ್ತವೆ. ಮತ್ತೆ ಹದಿನೆಂಟರಲ್ಲಿ ಒಂದು.

ಹಾಗಾದರೆ 182 ಸಲ ಬಾರದ ಅಂಕಿ 183ನೇ ಸಲ ಬರುವ ಸಂಭವ ಎಷ್ಟು? ಅದೇ ಹದಿನೆಂಟರಲ್ಲಿ ಒಂದು! ಕೂದಲೆಳೆಯಷ್ಟೂ ಹೆಚ್ಚಿಲ್ಲ. ಚೆಂಡಿಗೆ ತಾನು ಎಷ್ಟು ದಿನದಿಂದ ಬಂದಿಲ್ಲ ಎಂದು ಗೊತ್ತಿರಲು ಅದರ ಬಳಿ ಕ್ಯಾಲೆಂಡರ್ ಎಲ್ಲಿದೆ?

ಇದನ್ನು ಶಾಲೆಯ ಗಣಿತದ ಮೇಷ್ಟ್ರೂ ಹೇಳುತ್ತಾರೆ, ನಾವೂ ತಲೆ ಆಡಿಸುತ್ತೇವೆ. ತಲೆ ಆಡಿಸುತ್ತಲೇ ಒಳಗಿಂದ ಒಂದು ದನಿ ಕೇಳುತ್ತದೆ: ‘ಅದು ಸರಿ ಸಾರ್, ಆದರೆ 182 ಸಲ ಬಂದಿಲ್ಲವಲ್ಲ! ಇದು ಮಾಮೂಲಿ ಸಂಗತಿಯೇ?’

ನನಗೂ ಆ ದನಿ ಕೇಳಿತು. ಲೆಕ್ಕ ಹಾಕಿದೆ. ಒಂದು ಅಂಕಿ ಸತತ 182 ಡ್ರಾದಲ್ಲಿ ಬಾರದೇ ಹೋಗುವ ಸಂಭವ ಸುಮಾರು 33,000ದಲ್ಲಿ ಒಂದು. ನೋಡಿ, ಪವಾಡವೇ ಅಲ್ಲವೇ ಎನಿಸಿತು. ಪೆನ್ನು ಕೆಳಗಿಡುವವನಿದ್ದೆ. ಆಗ ಹೊಳೆದದ್ದೇ ಆ ರಾತ್ರಿಯ ಮೊದಲ ಬೆರಗು.

ನಾನು ಒಂದೇ ಅಂಕಿಯನ್ನು ನೋಡುತ್ತಿದ್ದೆ. ಇಟಲಿಯಲ್ಲಿದ್ದದ್ದು ಹತ್ತು ಚಕ್ರ, ಪ್ರತಿ ಚಕ್ರಕ್ಕೆ ತೊಂಬತ್ತು ಅಂಕಿ. ಅಂದರೆ ಏಕಕಾಲಕ್ಕೆ 900 ಮುದುಕರು ಮನೆಯಿಂದ ಹೊರಗಿದ್ದಾರೆ! ಪ್ರತಿ ಡ್ರಾ ದಿನ ಅವರಲ್ಲಿ 50 ಮಂದಿ ಮನೆಗೆ ಬಂದು, ಮತ್ತೆ ಹೊರಟುಬಿಡುತ್ತಾರೆ. ಹಾಗಾಗಿ ಪ್ರತಿ ಡ್ರಾಗೆ 50 ಹೊಸ ಕಾಯುವಿಕೆಗಳು ಶುರುವಾಗುತ್ತವೆ. ಆಗ ವರ್ಷಕ್ಕೆ 104 ಡ್ರಾ. ಒಟ್ಟು 5,200 ಕಾಯುವಿಕೆಗಳು. ಪ್ರತಿಯೊಂದಕ್ಕೂ 182 ದಾಟುವ ಸಂಭವ 33,000ದಲ್ಲಿ ಒಂದು. ಭಾಗಿಸಿ ನೋಡಿ. ಸರಾಸರಿ ಆರು ವರ್ಷಕ್ಕೊಮ್ಮೆ, ಯಾವುದೋ ಊರಿನ ಚಕ್ರದಲ್ಲಿ, ಯಾವುದೋ ಅಂಕಿ ಇಷ್ಟು ಹೊತ್ತು ಕಾಣೆಯಾಗಲೇಬೇಕು!

ಕಾಣೆಯಾಗದಿದ್ದರೆ ಆಗ ನಾವು ಅನುಮಾನ ಪಡಬೇಕಿತ್ತು. ಆಟ ನ್ಯಾಯವಾಗಿ ನಡೆಯುತ್ತಿದೆ ಎಂಬುದಕ್ಕೆ 53ರ ಗೈರುಹಾಜರಿಯೇ ಸಾಕ್ಷಿ ಎನ್ನುವಂತಿದೆ. ಅದು ಯಾವ ಅಂಕಿ ಎಂಬುದು ಮಾತ್ರ ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. 900 ಅಂಕಿಗಳ ಗುಂಪಿನಲ್ಲಿ ಅತಿ ತಡವಾದದ್ದನ್ನು ಹುಡುಕಿ ತೆಗೆದು, ಅದಕ್ಕೆ ಹೂವು ಮುಡಿಸಿ, ಮೆರವಣಿಗೆ ಹೊರಡಿಸಿದವರು ಜನ.

ಹೀಗೆ ತಡವಾದ ಅಂಕಿಗಳನ್ನು ಹಿಂಬಾಲಿಸುವುದು ಇಟಲಿಯಲ್ಲಿ ಎಷ್ಟು ಮಾಮೂಲಿಯೆಂದರೆ, ಅವಕ್ಕೊಂದು ಹೆಸರೇ ಇದೆ: ರಿಟಾರ್ಡಟಾರಿ, ಅಂದರೆ ತಡವಾಗಿ ಬರುವವರು. ಯಾವ ಊರಲ್ಲಿ ಯಾವ ಅಂಕಿ ಎಷ್ಟು ಡ್ರಾದಿಂದ ಬಂದಿಲ್ಲ ಎಂದು ಪಟ್ಟಿ ಅಚ್ಚಾಗುತ್ತದೆ. ನಮ್ಮ ಕಡೆ ಓಸಿ ಅಂಗಡಿಯ ಆಸುಪಾಸಿನಲ್ಲಿ ಹಳೆಯ ಚಾರ್ಟು ಹಿಡಿದು, ಬೆರಳಿಟ್ಟು ಮನೆ ಎಣಿಸುತ್ತಾ ನಿಂತವರನ್ನು ನೋಡಿದ್ದರೆ ನಿಮಗೆ ಈ ದೃಶ್ಯ ಹೊಸದೇನಲ್ಲ.

ನಾಣ್ಯಕ್ಕೆ ಸಾಲದ ಲೆಕ್ಕ ಗೊತ್ತಿಲ್ಲ

ಆ ರಾತ್ರಿಯೇ ಪಿಯುಸಿ ಓದುವ ಅಕ್ಕನ ಮಗನನ್ನು ಹಿಡಿದು ಕೂರಿಸಿದೆ. ‘ನಾಣ್ಯ ಮುಟ್ಟಬೇಡ. ನೂರು ಸಲ ಚಿಮ್ಮಿದರೆ ಹೆಡ್ ಟೇಲ್ ಹೇಗೆ ಬರಬಹುದೋ ಹಾಗೆ ಮನಸ್ಸಿನಿಂದಲೇ ಬರೆದುಕೊಡು’ ಎಂದೆ. ನಾನು ಎರಡು ರೂಪಾಯಿ ನಾಣ್ಯ ಹಿಡಿದು ಊಟದ ಮೇಜಿನ ಮೇಲೆ ನಿಜವಾಗಿಯೂ ನೂರು ಸಲ ಚಿಮ್ಮಿದೆ. ನಾಣ್ಯ ಎರಡು ಸಲ ಫ್ರಿಜ್ಜಿನ ಕೆಳಗೆ ಹೋಯಿತು. ಅದೊಂದು ಬೇರೆ ಕಥೆ.

ಅವನ ಪಟ್ಟಿ ಅಂದವಾಗಿತ್ತು. ಹೆಡ್ಡು, ಟೇಲು, ಎರಡು ಹೆಡ್ಡು, ಟೇಲು. ಒಂದೇ ಮುಖ ಅತಿ ಹೆಚ್ಚೆಂದರೆ ಸತತ ನಾಲ್ಕು ಸಲ ಬಂದಿತ್ತು. ನನ್ನ ಪಟ್ಟಿಯಲ್ಲಿ ಒಂದು ಕಡೆ ಏಳು ಟೇಲ್ ಸಾಲಾಗಿ ನಿಂತಿದ್ದವು!

‘ಮಾವ, ನಿಮ್ಮ ನಾಣ್ಯ ಸರಿಯಿಲ್ಲ’ ಎಂದ ಹುಡುಗ.

ನಾಣ್ಯ ಸರಿಯಾಗಿಯೇ ಇತ್ತು. ನೂರು ಸಲ ಚಿಮ್ಮಿದರೆ ಎಲ್ಲಾದರೂ ಒಂದು ಕಡೆ ಒಂದೇ ಮುಖ ಸತತ ಆರು ಅಥವಾ ಅದಕ್ಕೂ ಹೆಚ್ಚು ಸಲ ಬರುವ ಸಂಭವ ಐದರಲ್ಲಿ ನಾಲ್ಕರಷ್ಟಿದೆ. ಆದರೆ ಆರು ಟೇಲನ್ನು ಸಾಲಾಗಿ ಬರೆಯಲು ಮನುಷ್ಯನ ಕೈ ಓಡುವುದಿಲ್ಲ. ಮೂರು ಟೇಲ್ ಬರೆದ ಕೂಡಲೇ ‘ಇನ್ನು ಸಾಕು, ಈಗ ಹೆಡ್ಡಿನ ಸರದಿ’ ಎಂದು ಒಳಗೊಬ್ಬ ಪಂಚಾಯಿತಿದಾರ ತೀರ್ಪು ಕೊಟ್ಟುಬಿಡುತ್ತಾನೆ. ಇವನೇ ವೆನಿಸ್‌ನಲ್ಲಿ 53ರ ಮೇಲೆ ದುಡ್ಡು ಕಟ್ಟಿಸಿದವನು. ಮನಶ್ಶಾಸ್ತ್ರಜ್ಞರು ಇದನ್ನು ಜೂಜುಕೋರನ ಭ್ರಮೆ ಎನ್ನುತ್ತಾರೆ. ಜೂಜನ್ನೇ ಆಡದ ನನ್ನ ಅಕ್ಕನ ಮಗನ ಒಳಗೂ ಅದು ಗಟ್ಟಿಯಾಗಿ ಕೂತಿತ್ತು.

ಈ ಪಂಚಾಯಿತಿದಾರನಿಗೆ ವಯಸ್ಸೂ ಕಡಿಮೆಯಲ್ಲ. 1814ರಷ್ಟು ಹಿಂದೆಯೇ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಅವನನ್ನು ಹಿಡಿದುಹಾಕಿದ್ದ. ಗಂಡು ಮಗು ಬೇಕೆಂದು ಹಂಬಲಿಸುತ್ತಿದ್ದ ಅಪ್ಪಂದಿರು, ಆ ತಿಂಗಳು ಊರಿನಲ್ಲಿ ಬೇರೆಯವರ ಮನೆಯಲ್ಲಿ ಗಂಡು ಹುಟ್ಟಿದ ಸುದ್ದಿ ಕೇಳಿದರೆ ಚಿಂತೆಗೆ ಬೀಳುತ್ತಿದ್ದರಂತೆ. ಗಂಡಿನ ಪಾಲು ಖರ್ಚಾಗುತ್ತಿದೆ, ತಮ್ಮ ಸರದಿಗೆ ಹೆಣ್ಣೇ ಉಳಿಯುತ್ತದೆ ಎಂದು! ಊರಿನ ತೊಟ್ಟಿಲುಗಳನ್ನೆಲ್ಲ ಒಂದೇ ಲಾಟರಿ ಡ್ರಮ್ಮು ಎಂದುಕೊಂಡ ಜನ.

ಆದರೂ ಕೊನೆಗೆ ಹೆಡ್ಡೂ ಟೇಲೂ ಅರ್ಧಕ್ಕರ್ಧ ಆಗುತ್ತವೆ ಎನ್ನುತ್ತಾರಲ್ಲ? ಆಗುತ್ತವೆ. ಹೇಗೆ ಆಗುತ್ತವೆ ಎಂಬುದರಲ್ಲಿದೆ ಗುಟ್ಟು. ಮೊದಲ ಹತ್ತು ಸಲವೂ ಹೆಡ್ಡೇ ಬಂತು ಅನ್ನಿ. ಟೇಲಿಗೆ ಹತ್ತರ ಬಾಕಿ ಉಳಿಯಿತು. ಮುಂದಿನ ಸಾವಿರ ಚಿಮ್ಮುವಿಕೆಯಲ್ಲಿ ಸಾಮಾನ್ಯವಾಗಿ 500 ಹೆಡ್, 500 ಟೇಲ್ ನಿರೀಕ್ಷಿಸಬೇಕು. ಒಟ್ಟು 510 ಹೆಡ್, 500 ಟೇಲ್. ಹೆಡ್ಡಿನ ಪಾಲು ಶೇ 50.5. ಇನ್ನೂ ಹತ್ತು ಸಾವಿರ ಸಲ ಚಿಮ್ಮಿದರೆ ಅದು ಇನ್ನಷ್ಟು ಇಳಿದು ಹೆಚ್ಚುಕಡಿಮೆ 50 ಆಗುತ್ತದೆ. ಆದರೆ ಆ ಹತ್ತರ ಬಾಕಿಯನ್ನು ಯಾರು ತೀರಿಸಿದರು? ಯಾರೂ ಇಲ್ಲ! ಅದು ಹಾಗೇ ಇದೆ. ಹೊಳೆಗೆ ಹಾಕಿದ ಹಿಡಿ ಉಪ್ಪಿನಂತೆ ದೊಡ್ಡ ಲೆಕ್ಕದಲ್ಲಿ ಕರಗಿಹೋಗಿದೆ, ಅಷ್ಟೇ. ನಾಣ್ಯ ಯಾವತ್ತೂ ಹಳೆಯ ಸಾಲ ತೀರಿಸುವುದಿಲ್ಲ. ಅದಕ್ಕೆ ಸಾಲವಿದೆ ಎಂದೇ ಗೊತ್ತಿಲ್ಲ.

ಹತ್ತು ಯೂರೊ ಲಾಭಕ್ಕೆ ಇಪ್ಪತ್ತೇಳು ಸಾವಿರ

ಇಲ್ಲಿಯವರೆಗೆ ಇದು ಬರೀ ತಪ್ಪು ತಿಳಿವಳಿಕೆ. ತಪ್ಪು ತಿಳಿದು ಎರಡು ಯೂರೊ ಕಳೆದುಕೊಂಡರೆ ಯಾರ ಮನೆಯೂ ಮುಳುಗುವುದಿಲ್ಲ. ಮನೆ ಮುಳುಗಲು ಎರಡನೆಯ ಯಂತ್ರ ಬೇಕು. ಹೋದ ದುಡ್ಡಿನ ಬೆನ್ನು ಹತ್ತುವ ಯಂತ್ರ ಅದು. ಇದರ ಲೆಕ್ಕ ಹಾಕಿದಾಗ ನನ್ನ ಕೈ ನಿಜಕ್ಕೂ ನಡುಗಿತು.

ಆ ಲಾಟರಿಯಲ್ಲಿ ಒಂದೇ ಅಂಕಿಯ ಮೇಲೆ ಕಟ್ಟಿ ಗೆದ್ದರೆ ಕಟ್ಟಿದ ಹಣದ ಸುಮಾರು 11 ಪಟ್ಟು ಸಿಗುತ್ತದೆ. (ಸಂಭವ ಹದಿನೆಂಟರಲ್ಲಿ ಒಂದು, ಕೊಡುವುದು ಹನ್ನೊಂದು ಪಟ್ಟು. ಉಳಿದದ್ದು ಯಾರ ಜೇಬಿಗೆ ಎಂದು ಬೇರೆ ಹೇಳಬೇಕಾಗಿಲ್ಲ.) ಲೆಕ್ಕ ಸುಲಭವಾಗಲೆಂದು ಸರಿಯಾಗಿ ಹನ್ನೊಂದೇ ಎಂದಿಟ್ಟುಕೊಳ್ಳೋಣ.

ಒಬ್ಬಾತ ಜಾಣ. 53 ನೂರು ಡ್ರಾಗಳಿಂದ ಬಂದಿಲ್ಲ ಎಂದು ತಿಳಿದ ಮೇಲೆಯೇ ಕಣಕ್ಕಿಳಿಯುತ್ತಾನೆ. ಅವನಿಗೆ ದುರಾಸೆಯೂ ಇಲ್ಲ. 53 ಯಾವತ್ತು ಬಂದರೂ ಸರಿ, ಅಲ್ಲಿಯವರೆಗೆ ಹೋದದ್ದೆಲ್ಲ ವಾಪಸ್ ಬಂದು ಹತ್ತು ಯೂರೊ ಮಿಕ್ಕರೆ ಸಾಕು. ಮೊದಲ ದಿನ ಒಂದು ಯೂರೊ ಕಟ್ಟುತ್ತಾನೆ. ಬಂದರೆ ಹನ್ನೊಂದು, ಹತ್ತು ಲಾಭ. ಬರಲಿಲ್ಲ. ಮುಂದಿನ ಸಲ ಹೋದ ಒಂದನ್ನೂ ಎತ್ತಬೇಕಲ್ಲ, 1 ಯೂರೊ 10 ಸೆಂಟ್ ಕಟ್ಟುತ್ತಾನೆ. ಅದೂ ಹೋಯಿತು. ಮುಂದಿನದು 1 ಯೂರೊ 21 ಸೆಂಟ್. ಪ್ರತಿ ಸಲ ಬರೀ ಶೇ 10 ಹೆಚ್ಚಳ. ಎಷ್ಟು ಸೌಮ್ಯ ನೋಡಿ! ದುಪ್ಪಟ್ಟು ಕಟ್ಟುವ ಹುಂಬತನ ಎಲ್ಲೂ ಇಲ್ಲ.

25 ಡ್ರಾ ಕಳೆಯುವ ಹೊತ್ತಿಗೆ ಅವನ ಕೈಯಿಂದ ಹೋಗಿರುವುದು 98 ಯೂರೊ. ಪರವಾಗಿಲ್ಲ. 50 ಡ್ರಾ ಕಳೆದಾಗ 1,164 ಯೂರೊ. ಹೆಂಡತಿಗೆ ಇನ್ನೂ ಹೇಳಿಲ್ಲ. 75 ಡ್ರಾಗೆ 12,700 ಯೂರೊ. ಈಗ ಹೇಳಲು ಬಾಯಿಯೇ ಬರುವುದಿಲ್ಲ. 82 ಡ್ರಾ ಮುಗಿದಾಗ, ಅಂದರೆ 53 ಒಟ್ಟು 182 ಸಲ ಕೈಕೊಟ್ಟಾಗ, ಹೋದದ್ದು 24,776 ಯೂರೊ. ಮುಂದಿನ ಡ್ರಾದ ಪಣ 2,479. ಅಷ್ಟನ್ನೂ ಕಟ್ಟುತ್ತಾನೆ. ಆ ಬುಧವಾರ ಮುದುಕ ಮನೆಗೆ ಬರುತ್ತಾನೆ! ಕೈಗೆ ಬರುವುದು 27 ಸಾವಿರ ಚಿಲ್ಲರೆ ಯೂರೊ. ಸುರಿದದ್ದನ್ನು ಕಳೆದರೆ ನಿವ್ವಳ ಲಾಭ?

ಹತ್ತು ಯೂರೊ.

ಇದು ಎಲ್ಲವೂ ಅಂದುಕೊಂಡಂತೆ ನಡೆದವನ ಕಥೆ. 60ನೇ ಡ್ರಾದಲ್ಲಿ ಜೇಬು ಖಾಲಿಯಾದವನಿಗೆ, 80ನೇ ಡ್ರಾದಲ್ಲಿ ಸಾಲ ಕೊಟ್ಟವನು ಬಂದು ಬಾಗಿಲು ತಟ್ಟಿದವನಿಗೆ ಆ ಹತ್ತೂ ಇಲ್ಲ. ನೂರು ಡ್ರಾ ಕಾದು ಬಂದ ಅವನ ಜಾಣತನದಿಂದ ಆದ ಉಪಯೋಗವೂ ಸೊನ್ನೆ. ಅವನ ಮೊದಲ ದಿನವೂ ಹದಿನೆಂಟರಲ್ಲಿ ಒಂದು, ಕೊನೆಯ ದಿನವೂ ಹದಿನೆಂಟರಲ್ಲಿ ಒಂದು.

ಮಧ್ಯದಲ್ಲಿ ಏಕೆ ನಿಲ್ಲಿಸಲಿಲ್ಲ? 1979ರಲ್ಲಿ ಡೇನಿಯಲ್ ಕಾನ್ಮನ್ ಮತ್ತು ಆಮೊಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೊಂದು ನಕ್ಷೆ ಬರೆದರು. ನಷ್ಟದ ನೋವು ಹಣದ ಜೊತೆ ಸಮಸಮವಾಗಿ ಏರುವುದಿಲ್ಲ. ಮೊದಲ ನೂರು ಹೋದಾಗ ಕರುಳು ಕಿವುಚುತ್ತದೆ. ಇಪ್ಪತ್ನಾಲ್ಕು ಸಾವಿರ ಹೋದವನಿಗೆ ಇನ್ನೆರಡು ಸಾವಿರ ಹೋದರೆ ಅಷ್ಟೇನೂ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಎಲ್ಲವೂ ವಾಪಸ್ ಬಂದು ಲೆಕ್ಕ ಸೊನ್ನೆಗೆ ನಿಂತರೆ? ಸ್ವರ್ಗ! ಮುಂದೆ ಕಳೆದುಕೊಳ್ಳುವುದು ಅಗ್ಗವಾಗಿ ಕಾಣುತ್ತದೆ, ಹಿಂದೆ ಪಡೆಯುವುದು ಬಂಗಾರವಾಗಿ ಕಾಣುತ್ತದೆ. ‘ಲಾಭ ಬೇಡ ಮಾರಾಯ, ಅಸಲು ಬಂದರೆ ಸಾಕು’ ಎಂಬ ಮಾತನ್ನು ನಾವೆಲ್ಲ ವೈರಾಗ್ಯದ ಮಾತು ಅಂದುಕೊಂಡಿದ್ದೇವೆ. ಜೂಜಿನಲ್ಲಿ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ.

ಸೋಲನ್ನು ತಾವೇ ತಯಾರಿಸುವವರು

ಈಗ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ ಸಂಗತಿಗೆ ಬರುತ್ತೇನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜುಯೆಮಿನ್ ಶು ಮತ್ತು ನೈಜೆಲ್ ಹಾರ್ವಿ ಆನ್‌ಲೈನಿನಲ್ಲಿ ಆಟಗಳ ಮೇಲೆ ಬಾಜಿ ಕಟ್ಟುವ 776 ಮಂದಿಯ ಲೆಕ್ಕಪುಸ್ತಕ ಬಿಚ್ಚಿ ನೋಡಿದರು. ಒಟ್ಟು 5,65,915 ಬಾಜಿಗಳು. 2014ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಮೊದಲ ನೋಟಕ್ಕೆ ಗಣಿತವನ್ನೇ ತಲೆಕೆಳಗು ಮಾಡುವಂತಿತ್ತು.

ಒಟ್ಟಾರೆ ನೋಡಿದರೆ ಸುಮಾರು ಅರ್ಧದಷ್ಟು ಬಾಜಿಗಳು ಗೆದ್ದಿದ್ದವು. ಆದರೆ ಸತತ ಆರು ಸಲ ಗೆದ್ದವನು ಏಳನೆಯದನ್ನೂ ಗೆಲ್ಲುವ ಸಂಭವ ಮುಕ್ಕಾಲಿನ ಹತ್ತಿರಕ್ಕೆ ಹೋಗಿತ್ತು! ಸತತ ಆರು ಸೋತವನು ಮುಂದಿನದನ್ನು ಗೆಲ್ಲುವ ಸಂಭವ ಕಾಲು ಭಾಗಕ್ಕೂ ಕೆಳಗೆ ಕುಸಿದಿತ್ತು. ಅಂದರೆ ‘ಕೈ ಹತ್ತುವುದು’ ನಿಜವೇ? ಅದೃಷ್ಟಕ್ಕೆ ನಿಜಕ್ಕೂ ನೆನಪಿದೆಯೇ?

ಇಲ್ಲ. ಅವರು ಇನ್ನೊಂದು ಕಾಲಂ ನೋಡಿದರು. ಯಾರು ಯಾವ ದರದ ಬಾಜಿ ಆರಿಸಿಕೊಂಡಿದ್ದರು? ಅಲ್ಲಿತ್ತು ಸೋಜಿಗ. ಗೆಲ್ಲುತ್ತಾ ಬಂದವರು ‘ಇಷ್ಟು ಗೆದ್ದಾಯಿತು, ಇನ್ನು ಸೋಲಿನ ಸರದಿ’ ಎಂದು ಹೆದರಿ ಹೆಚ್ಚು ಹೆಚ್ಚು ಸುರಕ್ಷಿತ ಬಾಜಿಗೆ ಸರಿಯುತ್ತಿದ್ದರು. ಬಲಿಷ್ಠ ತಂಡ ದುರ್ಬಲ ತಂಡದ ಮೇಲೆ ಗೆಲ್ಲುತ್ತದೆ ಎಂದು ಕಟ್ಟುವ ಹಾಗೆ: ಗೆಲ್ಲುವುದು ಸುಲಭ, ಸಿಗುವುದು ಪುಡಿಗಾಸು. ಸೋಲುತ್ತಾ ಬಂದವರು ‘ಇಷ್ಟು ಸೋತಾಯಿತು, ಇನ್ನು ಗೆಲುವಿನ ಸರದಿ’ ಎಂದು ಹೆಚ್ಚು ಹೆಚ್ಚು ಅಪಾಯದ ಬಾಜಿಗೆ ಸರಿಯುತ್ತಿದ್ದರು: ಗೆದ್ದರೆ ನಾಲ್ಕೈದು ಪಟ್ಟು, ಆದರೆ ಗೆಲ್ಲುವುದೇ ಅಪರೂಪ. ಹಾಗಾಗಿ ಗೆಲ್ಲುವವರು ಗೆಲ್ಲುತ್ತಲೇ ಹೋದರು, ಸೋಲುವವರು ಸೋಲುತ್ತಲೇ ಹೋದರು!

ಅದೃಷ್ಟ ತಿರುಗುತ್ತದೆ ಎಂಬ ನಂಬಿಕೆಯೇ ಅದೃಷ್ಟ ತಿರುಗದಂತೆ ನೋಡಿಕೊಂಡಿತು. ಭ್ರಮೆ ತನ್ನ ಕೈಯಾರೆ ತನ್ನ ವಿರುದ್ಧದ ಸಾಕ್ಷ್ಯವನ್ನು ತಯಾರಿಸಿತು. ಆರು ಸಲ ಗೆದ್ದವರ ಜೇಬು ಅದರಿಂದ ತುಂಬಿತೇ ಎಂದರೆ ಅದೂ ಇಲ್ಲ. ಬಾಜಿಯ ದರ ಸಂಭವಕ್ಕೆ ತಕ್ಕಂತೆ ಇಳಿದಿರುತ್ತದೆ. ಹೆಚ್ಚಿದ್ದು ಗೆಲುವಿನ ಎಣಿಕೆ ಮಾತ್ರ.

ಈ ಎಣಿಕೆಯ ಮೇಲೆಯೇ ಮೂರನೆಯ ಬಲೆ ಬೀಳುವುದು. ನಮ್ಮ ಮನಸ್ಸಿಗೆ ನಿನ್ನೆಯದು ಹೋದ ವರ್ಷದ್ದಕ್ಕಿಂತ ಭಾರ. ಕೊನೆಯ ಐದು ಫಲಿತಾಂಶ ಹಿಂದಿನ ಐನೂರನ್ನು ಮರೆಸಿಬಿಡುತ್ತದೆ. ಇದನ್ನು ಇತ್ತೀಚಿನದರ ಮೋಹ ಎನ್ನೋಣ. ಐಪಿಎಲ್ ಹೊತ್ತಿನಲ್ಲಿ ಹಾಸ್ಟೆಲಿನ ನಲವತ್ತು ಹುಡುಗರು ತಲಾ ಇಪ್ಪತ್ತು ಬಾಜಿ ಕಟ್ಟಿದರು ಎಂದುಕೊಳ್ಳಿ. ಯಾರಿಗೂ ಏನೂ ತಿಳಿಯದು, ಎಲ್ಲ ಬಾಜಿಯೂ ನಾಣ್ಯ ಚಿಮ್ಮಿದ ಹಾಗೆ ಅರ್ಧಕ್ಕರ್ಧ. ಇಪ್ಪತ್ತರಲ್ಲಿ ಎಲ್ಲಾದರೂ ಸತತ ಐದು ಗೆಲುವು ಬರುವ ಸಂಭವ ನಾಲ್ಕರಲ್ಲಿ ಒಂದು. ಅಂದರೆ ಸುಮಾರು ಹತ್ತು ಹುಡುಗರು ‘ಸತತ ಐದು ಹೊಡೆದೆ ಮಗಾ!’ ಎಂದು ಕುಣಿಯುತ್ತಾರೆ. ಉಳಿದ ಮೂವತ್ತು ಮಂದಿ ಸುಮ್ಮನಿರುತ್ತಾರೆ. ಕಾರಿಡಾರಿನಲ್ಲಿ ಕೇಳುವುದು ಹತ್ತು ದನಿ ಮಾತ್ರ. ಆ ಹತ್ತರಲ್ಲಿ ಪ್ರತಿಯೊಬ್ಬನಿಗೂ ಆ ಐದು ಗೆಲುವು ತನ್ನ ಕ್ರಿಕೆಟ್ ಜ್ಞಾನದ ಸರ್ಟಿಫಿಕೇಟು.

ಈಗ ಮೂರನ್ನೂ ಸಾಲಾಗಿ ಜೋಡಿಸಿ ನೋಡಿ. ‘ಸರದಿ ಬಂತು’ ಎಂಬ ಭ್ರಮೆ ಗೆಲುವು ಸೋಲುಗಳ ಉದ್ದನೆಯ ಸಾಲುಗಳನ್ನು ತಯಾರಿಸುತ್ತದೆ. ಇತ್ತೀಚಿನದರ ಮೋಹ ಆ ಸಾಲುಗಳನ್ನು ಓದಿ, ಗೆದ್ದವನಿಗೆ ‘ನೀನು ಪಂಡಿತ’ ಎನ್ನುತ್ತದೆ, ಸೋತವನಿಗೆ ‘ನಿನ್ನ ದೆಸೆ ಕೆಟ್ಟಿದೆ, ಒಂದು ದೊಡ್ಡ ಹೊಡೆತ ಹೊಡೆದರೆ ಸರಿಹೋಗುತ್ತದೆ’ ಎನ್ನುತ್ತದೆ. ಬೆನ್ನು ಹತ್ತುವ ಚಟ ಆ ದೊಡ್ಡ ಹೊಡೆತಕ್ಕೆ ದುಡ್ಡು ಒದಗಿಸುತ್ತದೆ. ನಾನು ಇವನ್ನು ಮೂರು ಬೇರೆ ಬೇರೆ ತಪ್ಪುಗಳು ಎಂದುಕೊಂಡಿದ್ದೆ. ಇವು ಒಂದೇ ಗಾಣದ ಮೂರು ಹಲ್ಲುಗಾಲಿಗಳು. ಒಂದು ತಿರುಗಿದರೆ ಇನ್ನೆರಡನ್ನೂ ತಿರುಗಿಸುತ್ತದೆ.

ಲಕೋಟೆಯ ಪ್ರಯೋಗ

ಗಾಣ ನಿಲ್ಲುವುದು ಎಲ್ಲಿ? ಅದಕ್ಕೂ ಒಂದು ಪುಟ್ಟ, ಬೆರಗಿನ ಪ್ರಯೋಗವಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಅಲೆಕ್ಸ್ ಇಮಾಸ್ 2016ರಲ್ಲಿ ಪ್ರಕಟಿಸಿದ್ದು. ಜನರಿಗೆ ಲಕೋಟೆಯಲ್ಲಿ ನಗದು ಕೊಟ್ಟು ನಾಲ್ಕು ಸುತ್ತು ಬಾಜಿ ಆಡಿಸಿದರು. ಮೂರು ಸುತ್ತಿನ ನಂತರ ಅರ್ಧ ಜನರಿಗೆ, ಇಲ್ಲಿಯವರೆಗೆ ಸೋತ ಹಣವನ್ನು ಲಕೋಟೆಯಿಂದ ತೆಗೆದು ಕೈಯಾರೆ ಕೊಟ್ಟುಬಿಡಿ ಎಂದರು. ಉಳಿದವರಿಗೆ ನಷ್ಟ ಎಷ್ಟು ಎಂದು ತಿಳಿಸಿದರು, ಹಣ ಮಾತ್ರ ಲಕೋಟೆಯಲ್ಲೇ ಇತ್ತು. ನಷ್ಟ ಇಬ್ಬರಿಗೂ ಒಂದೇ. ಆದರೆ ನಾಲ್ಕನೇ ಸುತ್ತಿನಲ್ಲಿ ನೋಟು ಎಣಿಸಿ ಕೊಟ್ಟವರು ಪಣ ಇಳಿಸಿದರು, ಲಕೋಟೆಯಲ್ಲೇ ಇಟ್ಟುಕೊಂಡವರು ಏರಿಸಿದರು!

ಕಾಗದದ ಮೇಲಿನ ನಷ್ಟವನ್ನು ಮನಸ್ಸು ನಷ್ಟ ಎಂದು ಒಪ್ಪುವುದೇ ಇಲ್ಲ. ಅದು ಇನ್ನೂ ಮುಗಿಯದ ಲೆಕ್ಕ. ಕೈಯಿಂದ ನೋಟು ಜಾರಿದ ಕ್ಷಣ ಲೆಕ್ಕ ಮುಗಿಯುತ್ತದೆ, ಮರುದಿನದ ಪುಟ ಸೊನ್ನೆಯಿಂದ ಶುರುವಾಗುತ್ತದೆ. ಕ್ರಿಕೆಟ್ ಬುಕ್ಕಿ ‘ದುಡ್ಡು ಈಗಲೇ ಬೇಡ ಬ್ರದರ್, ವಾರದ ಕೊನೆಗೆ ಲೆಕ್ಕ ನೋಡೋಣ’ ಎನ್ನುವಾಗ ತೋರಿಸುವ ಔದಾರ್ಯದ ಅರ್ಥ ನನಗೆ ಹೊಳೆದದ್ದು ಆಗಲೇ. ಅವನು ಕೊಡುತ್ತಿರುವುದು ಸಾಲವಷ್ಟೇ ಅಲ್ಲ, ತೆರೆದಿಟ್ಟ ಖಾತೆ. ತೆರೆದ ಖಾತೆಯವನು ಭಾನುವಾರದೊಳಗೆ ಇನ್ನೂ ನಾಲ್ಕು ಪಂದ್ಯ ಆಡುತ್ತಾನೆ.

ಆದರೆ ಖಾತೆ ಮುಚ್ಚಿದ ಮಾತ್ರಕ್ಕೆ ಎಲ್ಲರೂ ಪಾರಾಗುವುದಿಲ್ಲ. ಪ್ರಯೋಗದಲ್ಲಿ ಇದ್ದದ್ದು ಕೆಲವು ಡಾಲರ್, ಕೆಲವು ನಿಮಿಷ. ಚಟ ರೋಗವಾಗಿ ಬೆಳೆದವನಿಗೆ ಲಕೋಟೆ ಸಾಲದು, ಚಿಕಿತ್ಸೆಯೇ ಬೇಕು. ಅದನ್ನು ಗುರುತಿಸುವುದು ಕಷ್ಟವೂ ಅಲ್ಲ. ಗೆಲ್ಲಬೇಕೆಂದು ಆಡುತ್ತಿದ್ದವನು ಸರಿಮಾಡಬೇಕೆಂದು ಆಡತೊಡಗಿದ ದಿನ, ನಿನ್ನೆ ಹೋದ ಮೊತ್ತ ಇವತ್ತಿನ ಪಣವನ್ನು ನಿರ್ಧರಿಸಿದ ದಿನ, ಎಷ್ಟು ಹೋಯಿತು ಎಂದು ಮನೆಯವರಿಗೆ ಸುಳ್ಳು ಹೇಳಿದ ದಿನ, ಗಾಣಕ್ಕೆ ಕಟ್ಟಿಯಾಯಿತು.

ತಾರೆ ಮರದ ಕೆಳಗೆ

ಬೆಳಗಿನ ಜಾವ ಇದನ್ನೆಲ್ಲ ಮುಗಿಸಿ ಪೆನ್ನಿಟ್ಟಾಗ ನನಗೆ ನೆನಪಾದದ್ದು ನಳ. ಕನಕದಾಸರ ನಳಚರಿತ್ರೆಯಿಂದ ಕನ್ನಡದ ಮನೆಮನೆಗೂ ಗೊತ್ತಿರುವ ನಳ. ಮೂಲ ಕಥೆ ಮಹಾಭಾರತದ ವನಪರ್ವದ್ದು. ಅಲ್ಲಿ ನಳ ಪುಷ್ಕರನ ಜೊತೆ ತಿಂಗಳುಗಟ್ಟಲೆ ಆಡುತ್ತಾನೆ, ನಮ್ಮ ಇಟಲಿಯವರ ಹಾಗೆಯೇ. ಊರ ಜನ ಬಾಗಿಲಿಗೆ ಬಂದು ಬೇಡುತ್ತಾರೆ, ದಮಯಂತಿ ಅಳುತ್ತಾಳೆ, ಅವನಿಗೆ ಕೇಳಿಸುವುದಿಲ್ಲ. ಕಥೆ ಕಟ್ಟಿದವರ ಸೂಕ್ಷ್ಮ ನೋಡಿ: ದ್ವಾಪರ ದಾಳದೊಳಕ್ಕೆ ಹೋಗಿ ಕೂರುತ್ತಾನೆ, ಕಲಿ ನಳನೊಳಕ್ಕೆ. ಆಟದ ಮೋಸ ಒಂದು ಕಡೆ, ಆಡುವವನ ಭ್ರಮೆ ಇನ್ನೊಂದು ಕಡೆ!

ರಾಜ್ಯ ಕಳೆದುಕೊಂಡು ಋತುಪರ್ಣನ ಸಾರಥಿಯಾದ ನಳ ಒಂದು ದಿನ ರಥ ಓಡಿಸುತ್ತಿದ್ದಾನೆ. ದಾರಿಯಲ್ಲೊಂದು ತಾರೆ ಮರ. ಆ ಮರದ ಕಾಯಿಗಳೇ ಆ ಕಾಲದ ದಾಳಗಳು. ರಾಜ ಋತುಪರ್ಣ ಮರವನ್ನು ಒಮ್ಮೆ ನೋಡಿ ಹೇಳುತ್ತಾನೆ: ಈ ಎರಡು ಕೊಂಬೆಗಳಲ್ಲಿ 2,095 ಕಾಯಿಗಳಿವೆ. ನಳ ನಂಬುವುದಿಲ್ಲ. ರಥ ನಿಲ್ಲಿಸುತ್ತಾನೆ. ಹೊತ್ತಾಗುತ್ತದೆ ಎಂದು ರಾಜ ಗೋಗರೆದರೂ ಬಿಡದೆ ಇಳಿದು, ಮರ ಕಡಿದು, ಕೂತು ಒಂದೊಂದಾಗಿ ಎಣಿಸುತ್ತಾನೆ. ಸರಿಯಾಗಿ ಅಷ್ಟೇ ಇವೆ. ಈ ವಿದ್ಯೆ ನನಗೂ ಬೇಕು ಎನ್ನುತ್ತಾನೆ. ಋತುಪರ್ಣ ಅವನಿಗೆ ಅಕ್ಷಹೃದಯವನ್ನು, ದಾಳದ ಮರ್ಮವನ್ನು ಕಲಿಸುತ್ತಾನೆ. ಎಣಿಸುವ ವಿದ್ಯೆಯೂ ದಾಳದ ವಿದ್ಯೆಯೂ ಅಲ್ಲಿ ಒಟ್ಟಿಗೇ ಇವೆ.

ಆ ವಿದ್ಯೆ ಕಲಿತ ಕ್ಷಣ ಕಲಿ ವಿಷ ಕಾರುತ್ತಾ ನಳನ ಮೈಯಿಂದ ಹೊರಬರುತ್ತಾನೆ. ಯಾವ ಹೋಮ ಇಲ್ಲ, ಯಾವ ಮಂತ್ರವಾದಿಯೂ ಇಲ್ಲ. ರಸ್ತೆ ಬದಿಯಲ್ಲಿ ಕೂತು ಕಾಯಿ ಎಣಿಸಿದ ಮೇಲೆ ದೆವ್ವ ಬಿಟ್ಟಿತು.

ಮೇಜಿನ ಮೇಲೆ ನನ್ನ ಎರಡು ರೂಪಾಯಿ ನಾಣ್ಯ ಹಾಗೇ ಬಿದ್ದಿತ್ತು. ಪಕ್ಕದಲ್ಲಿ ಏಳು ಟೇಲ್ ಸಾಲಾಗಿದ್ದ ಹಾಳೆ. ಅಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಆ ಏಳನ್ನು ನೋಡಿದಾಗ ನನ್ನೊಳಗಿನ ಪಂಚಾಯಿತಿದಾರ ಪಿಸುಗುಟ್ಟಿದ: ‘ಈಗ ಹೆಡ್ಡೇ ಬರುತ್ತೆ ನೋಡು.’ ನಾನು ನಾಣ್ಯ ಎತ್ತಿಕೊಳ್ಳಲಿಲ್ಲ. ಪೆನ್ನು ಎತ್ತಿಕೊಂಡು, ಎಂಟನೆಯ ಮನೆಯಲ್ಲಿ ಏನು ಬಂದಿತ್ತೆಂದು ಹಾಳೆಯಲ್ಲಿ ನೋಡಿದೆ. ಹೆಡ್ಡೇ ಬಂದಿತ್ತು. ಒಳಗಿನವನು ಮೀಸೆ ತಿರುವಿದ. ಇಂಥ ಅರ್ಧದಷ್ಟು ಗೆಲುವುಗಳಿಂದಲೇ ಅಲ್ಲವೇ ಅವನು ಇಷ್ಟು ಸಾವಿರ ವರ್ಷ ಬದುಕಿ ಬಂದಿರುವುದು!